ತಿಜೋರಿ ಬಾಗಿಲಿಗೆ ಅಂಟಿಸಿದ ಹಾಳೆ

ನಾನು ಬಾಗಲಕೋಟೆಯಲ್ಲಿ ಗುಮಾಸ್ತ. ವಯಸ್ಸು 49. ಆಫೀಸಿನಲ್ಲಿ ಸಹಿ ಇಲ್ಲದ ಕಾಗದವನ್ನು ಮುಂದಿನ ಟೇಬಲ್ಲಿಗೆ ಕಳಿಸಿದವನಲ್ಲ. ನನ್ನ ದುಡ್ಡಿಗೆ ಮಾತ್ರ ಫೈಲೂ ಇರಲಿಲ್ಲ, ಸಹಿಯೂ ಇರಲಿಲ್ಲ.

2020ರ ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ನಿಫ್ಟಿ ಒಂದೇ ದಿನಕ್ಕೆ 13 ಪರ್ಸೆಂಟ್ ಬಿದ್ದು 7,610ಕ್ಕೆ ನಿಂತಿತು. ಊಟ ಬಿಟ್ಟು ಕೂತು, ನಿಫ್ಟಿ ಜೊತೆಗೇ ಏರಿ ಇಳಿಯುವ ಇಂಡೆಕ್ಸ್ ಫಂಡಿನ ಸಾವಿರ ಯೂನಿಟ್ ಮೊಬೈಲಿನಲ್ಲೇ ಮಾರಿಬಿಟ್ಟೆ. ನವೆಂಬರ್ ಕೊನೆಗೆ ನಿಫ್ಟಿ 13,000 ದಾಟಿದಾಗ, ಇನ್ನೂ ಏರುತ್ತೆ ಅಂತ ಮತ್ತೆ ಕೊಂಡೆ. ಅದೇ ದುಡ್ಡಿಗೆ ಸಿಕ್ಕಿದ್ದು ಸುಮಾರು 585 ಯೂನಿಟ್.

ಆಗ ನಿಯಮ ಬರೆಯೋಕೆ ಕೂತೆ. ಮೊದಲ ಸಲ ಹದಿನಾಲ್ಕು ಬರೆದೆ. ‘ಹೆದರಬಾರದು’, ‘ಆಸೆ ಪಡಬಾರದು’ ಅಂತೆಲ್ಲ. ಪ್ರಯೋಜನ ಆಗಲಿಲ್ಲ. ಹೆದರಿದೆನೋ ಇಲ್ಲವೋ ಅಂತ ಯಾರು ನೋಡಿ ಹೇಳಬೇಕು? ಆಮೇಲೆ ಮನೆಯವಳು ಹೌದು, ಇಲ್ಲ ಅಂತ ಟಿಕ್ ಹಾಕಬಹುದಾದ ನಾಲ್ಕನ್ನಷ್ಟೇ ಉಳಿಸಿದೆ. ಮೂರು ವರ್ಷದೊಳಗೆ ಬೇಕಾಗುವ ದುಡ್ಡು ಎಫ್‌ಡಿಯಲ್ಲೇ ಇರಬೇಕು. ಉಳಿದದ್ದರಲ್ಲಿ ಫಂಡು 60 ಪರ್ಸೆಂಟ್, ಎಫ್‌ಡಿ-ಪಿಪಿಎಫ್ 40. ಫಂಡು 55ಕ್ಕೆ ಇಳಿದರೆ ಅಥವಾ 65ಕ್ಕೆ ಏರಿದರೆ ಮಾತ್ರ ಮತ್ತೆ 60ಕ್ಕೆ ತರುವುದು. ತಿಂಗಳು ತಿಂಗಳು ಫಂಡಿಗೆ ಕಟ್ಟುವ ಎಸ್‌ಐಪಿ ಬಿಟ್ಟು ಬೇರೆ ಏನೇ ಕೊಳ್ಳಲಿ, ಮಾರಲಿ, ಮೊದಲು ನೋಟ್‌ಬುಕ್ಕಿನಲ್ಲಿ ಕಾರಣ ಬರೆದು, ಮಾರ್ಕೆಟ್ ತೆರೆಯುವ ಮೂರು ದಿನ ಕಾಯಬೇಕು. ನಾಲ್ಕನೆಯದು, ನಿಯಮ ತಿದ್ದುವುದು ಏಪ್ರಿಲ್‌ನಲ್ಲಿ ಮಾತ್ರ. ಕೆಳಗೆ ಇಬ್ಬರ ಸಹಿ.

2024ರ ಜೂನ್ 4, ಚುನಾವಣೆ ಫಲಿತಾಂಶದ ದಿನ. ನಿಫ್ಟಿ ಸುಮಾರು 6 ಪರ್ಸೆಂಟ್ ಬಿತ್ತು. ಮಾರೋಕೆ ಕೈ ತುರಿಸತೊಡಗಿತು. ನೋಟ್‌ಬುಕ್ ತೆಗೆದು ‘ಕಾರಣ’ ಅನ್ನೋ ಕಡೆ ‘ಮಾರ್ಕೆಟ್ ಬಿದ್ದಿದೆ’ ಅಂತ ಬರೆದೆ. ಮನೆಯವಳು ಓದಿ, “ಇದು ಟೀವ್ಯಾಗ ಬಂದ ಸುದ್ದಿರಿ, ಕಾರಣ ಎಲ್ಲೈತಿ?” ಅಂದಳು. ಮೂರನೇ ದಿನ ಶುಕ್ರವಾರ. ಅವತ್ತು ನಿಫ್ಟಿ 23,290ಕ್ಕೆ ನಿಂತು, ದಿನದ ಕೊನೆಯ ಲೆಕ್ಕದಲ್ಲಿ ಹೊಸ ದಾಖಲೆ ಮಾಡಿತು. ಮೂರೇ ದಿನದಲ್ಲಿ ಏರಿದ್ದು ನನ್ನ ಅದೃಷ್ಟ, ನಿಯಮದ ಜಾಣತನವಲ್ಲ.

ನಿಧಾನವಾಗಿ ಇಳಿಯುವ ಮಾರ್ಕೆಟ್ಟಿಗೆ ಮೂರು ದಿನದ ನಿಯಮ ಸಾಲದು. 2024ರ ಸೆಪ್ಟೆಂಬರ್‌ನಿಂದ ಮುಂದಿನ ಮಾರ್ಚ್‌ವರೆಗೆ ನಿಫ್ಟಿ ಸುಮಾರು 16 ಪರ್ಸೆಂಟ್ ಜಾರಿತು. ದಿನಾ ಸ್ವಲ್ಪ ಸ್ವಲ್ಪ, ಹಲ್ಲುನೋವಿನ ಹಾಗೆ. ಆಗ ಕೈ ಹಿಡಿದದ್ದು 55ರ ಗೆರೆ. ಲೆಕ್ಕ ಹಾಕಿದರೆ ನನ್ನ ಫಂಡು 56ರಲ್ಲಿತ್ತು. ಹಾಗಾಗಿ ಏನೂ ಮಾಡಲಿಲ್ಲ.

ಒಂದು ಸಂದಿ ಮಾತ್ರ ಬಿಟ್ಟಿದ್ದೆ. ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವಾಗ ಹಾಕುವ ಐಪಿಓ ಅರ್ಜಿ ‘ಕೊಳ್ಳುವುದು’ ಅಲ್ಲ ಅಂತ ನನಗೆ ನಾನೇ ವಾದಿಸಿ ಎರಡಕ್ಕೆ ಹಾಕಿದ್ದೆ. ಏಪ್ರಿಲ್ ಬಂದ ಕೂಡಲೇ ಮನೆಯವಳು ಮೂರನೇ ನಿಯಮದ ಪಕ್ಕ ತಾನೇ ಕೆಂಪು ಪೆನ್ನಿನಲ್ಲಿ ‘ಐಪಿಓ ಸಹ’ ಅಂತ ಸೇರಿಸಿದಳು.