ಯಾವ ಕಾಗದಕ್ಕೆ ಯಾವ ಸೀಲು: ಲೈಸೆನ್ಸ್ ಇಂಜಿನಿಯರ್, ಚಾರ್ಟರ್ಡ್ ಇಂಜಿನಿಯರ್ ಮತ್ತು ಒಂದು ಸಹಿಯ ಲೆಕ್ಕ

ಕಲಬುರಗಿಯಲ್ಲಿ ಸಿವಿಲ್ ಇಂಜಿನಿಯರ್ ಆಗಿ ಕೆಲಸ ಮಾಡುವ ನನ್ನ ಬಳಿ ತಿಂಗಳಿಗೆ ಒಬ್ಬರಾದರೂ ವಾಪಸ್ ಬಂದ ಫೈಲ್ ಹಿಡಿದು ಬರುತ್ತಾರೆ. ಮನೆ ನಕ್ಷೆಯ ಮೇಲೆ ಚೆಂದದ ದುಂಡು ಸೀಲು, ಅದರಲ್ಲಿ "ಚಾರ್ಟರ್ಡ್ ಇಂಜಿನಿಯರ್" ಅಂತ ಬರಹ. ಪಾಲಿಕೆಯವರು ಅದನ್ನು ಒಪ್ಪಿಲ್ಲ. ಇನ್ನೊಬ್ಬರದು ಇದಕ್ಕೆ ಉಲ್ಟಾ. ಬೇಳೆ ಮಿಲ್‌ಗೆ ತಂದ ಮಷೀನಿನ ಸರ್ಟಿಫಿಕೇಟ್ ಮೇಲೆ ಪಾಲಿಕೆ ಲೈಸೆನ್ಸ್ ನಂಬರಿನ ಸೀಲು ಒತ್ತಿಸಿರುತ್ತಾರೆ, ಅದೂ ತಿರಸ್ಕಾರ. ಸಹಿ ಹಾಕಿದವರು ಇಬ್ಬರೂ ಒಳ್ಳೆಯ ಇಂಜಿನಿಯರ್‌ಗಳೇ. ಸೀಲು ಮಾತ್ರ ಅದಲು ಬದಲು. ಹೊಸದಾಗಿ ಆಫೀಸು ತೆರೆಯುವ ಹುಡುಗರಿಗೂ, ಅವರ ಹತ್ತಿರ ಹೋಗುವ ಮನೆ ಮಾಲೀಕರಿಗೂ ಉಪಯೋಗವಾಗಲಿ ಅಂತ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಕಾಗದ ಕೇಳಿದ್ದು ಯಾರು?

ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ನಮ್ಮ ದೇಶದಲ್ಲಿ ಎಲ್ಲ ಇಂಜಿನಿಯರ್‌ಗಳಿಗೂ ಅನ್ವಯಿಸುವ ಒಂದು ಲೈಸೆನ್ಸ್ ಕಾಯ್ದೆ ಇಲ್ಲ. ವಾಸ್ತುಶಿಲ್ಪಿಗಳಿಗೆ 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಇದೆ. ಅದರಡಿ ನೋಂದಾಯಿಸಿಕೊಳ್ಳದವರು "ಆರ್ಕಿಟೆಕ್ಟ್" ಎಂದು ಬೋರ್ಡ್ ಹಾಕುವಂತಿಲ್ಲ. "ಇಂಜಿನಿಯರ್" ಪದಕ್ಕೆ ದೇಶಮಟ್ಟದಲ್ಲಿ ಅಂಥ ಬೇಲಿ ಇಲ್ಲ. ಹಾಗಾಗಿ ಸಹಿ ಮಾಡುವ ಅಧಿಕಾರ ಬಿಡಿಬಿಡಿಯಾಗಿ ಬರುತ್ತದೆ. ಕಟ್ಟಡದ ನಕ್ಷೆಗೆ ಪಾಲಿಕೆ ಅಥವಾ ನಗರಸಭೆಯ ಬೈಲಾ. ಮಷೀನಿಗೆ ಕಸ್ಟಮ್ಸ್, ಬ್ಯಾಂಕು. ಕಂಪನಿಯ ಆಸ್ತಿ ಬೆಲೆ ಕಟ್ಟಲು ಕಂಪನಿ ಕಾನೂನು.

ಲೈಸೆನ್ಸ್ ಅಂದರೆ ಕೆಲಸ ಮಾಡಲು ಕಾನೂನು ಕೊಟ್ಟ ಅನುಮತಿ. ಚಾರ್ಟರ್ಡ್ ಅಂದರೆ ನಿಮ್ಮ ಓದು, ಅನುಭವ ನೋಡಿ ವೃತ್ತಿ ಸಂಸ್ಥೆಯೊಂದು ಕೊಟ್ಟ ಮನ್ನಣೆ. ನಮ್ಮ ದೇಶದ ಇಂಜಿನಿಯರುಗಳ ಸಂಸ್ಥೆ 1920ರಲ್ಲಿ ಹುಟ್ಟಿತು, 1935ರಲ್ಲಿ ಅದಕ್ಕೆ ಬ್ರಿಟಿಷ್ ದೊರೆಯ ರಾಯಲ್ ಚಾರ್ಟರ್ ಸಿಕ್ಕಿತು. ನಮ್ಮಲ್ಲಿ "ಚಾರ್ಟರ್ಡ್" ಪದ ಬಂದದ್ದು ಅಲ್ಲಿಂದ. ಆ ಮನ್ನಣೆ ಇದ್ದ ಮಾತ್ರಕ್ಕೆ ಪಾಲಿಕೆ ಬಾಗಿಲು ತಾನಾಗಿ ತೆರೆಯುವುದಿಲ್ಲ.

ಹಂತ 2: ಮನೆ ನಕ್ಷೆಗೆ ಲೈಸೆನ್ಸ್

ಡಿಗ್ರಿ ಅಥವಾ ಡಿಪ್ಲೊಮಾ ಪ್ರಮಾಣಪತ್ರ, ಅನುಭವ ಪತ್ರ, ಶುಲ್ಕ. ಇಷ್ಟು ಕೊಟ್ಟು ಸ್ಥಳೀಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ. ಎಷ್ಟು ದೊಡ್ಡ ಪ್ಲಾಟು, ಎಷ್ಟು ಅಂತಸ್ತಿನವರೆಗೆ ನೀವು ಸಹಿ ಮಾಡಬಹುದು ಅನ್ನುವುದು ನಿಮ್ಮ ದರ್ಜೆಯ ಮೇಲೆ ನಿಂತಿದೆ. ಆ ಮಿತಿಯನ್ನು ಬೈಲಾದಲ್ಲಿ ನೀವೇ ಓದಿ, ಏಜೆಂಟರ ಮಾತು ನಂಬಬೇಡಿ. ಕಲಬುರಗಿಯಲ್ಲಿ ನೋಂದಣಿ ಇದ್ದವರು ಯಾದಗಿರಿ ನಗರಸಭೆಯಲ್ಲೋ ಬೀದರ್‌ನಲ್ಲೋ ಕೆಲಸ ಹಿಡಿಯುವ ಮುನ್ನ ಅಲ್ಲಿನ ನಗರ ಯೋಜನೆ ಶಾಖೆಯಲ್ಲಿ ಒಮ್ಮೆ ವಿಚಾರಿಸಿ. ನವೀಕರಣದ ದಿನಾಂಕ ಮರೆಯಬೇಡಿ.

ಹಂತ 3: ಮಷೀನಿಗೆ ಚಾರ್ಟರ್ಡ್

ನಮ್ಮ ಊರಿನ ಬೇಳೆ ಮಿಲ್‌ನವರು ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಮಷೀನನ್ನು ಹೊರದೇಶದಿಂದ ತರಿಸುತ್ತಾರೆ. ಹಳೆಯ ಮಷೀನಾದರೆ ಅದು ಯಾವ ವರ್ಷದ್ದು, ಇನ್ನೆಷ್ಟು ವರ್ಷ ಬಾಳುತ್ತದೆ, ಬೆಲೆ ಸರಿಯೇ ಅಂತ ಕಸ್ಟಮ್ಸ್‌ನವರು ಚಾರ್ಟರ್ಡ್ ಇಂಜಿನಿಯರ್ ಸರ್ಟಿಫಿಕೇಟ್ ಕೇಳುತ್ತಾರೆ. ರಫ್ತು ಮಾಡುವ ಷರತ್ತಿನ ಮೇಲೆ ಸುಂಕ ವಿನಾಯಿತಿ ಪಡೆದವರಾದರೆ, ಮಷೀನು ನಿಜಕ್ಕೂ ಮಿಲ್‌ನಲ್ಲಿ ಕೂತಿದೆ ಅನ್ನುವುದಕ್ಕೂ ಇಂಥದೇ ಸರ್ಟಿಫಿಕೇಟ್ ನಡೆಯುತ್ತದೆ.

ಇಲ್ಲಿ ಜಾಸ್ತಿ ಜನ ಮರೆಯುವ ಮಾತೊಂದಿದೆ. ಚಾರ್ಟರ್ಡ್ ಮನ್ನಣೆ ಸಿಗುವುದು ಒಂದು ಶಾಖೆಯಲ್ಲಿ. ಸಿವಿಲ್‌ನಲ್ಲಿ ಚಾರ್ಟರ್ಡ್ ಆದ ನಾನು ಸಾರ್ಟೆಕ್ಸ್ ಮಷೀನಿನ ಆಯುಷ್ಯ ಹೇಳಬಾರದು. ಅದು ಮೆಕ್ಯಾನಿಕಲ್‌ನವರ ಕೆಲಸ. ಅದೇ ಮಿಲ್ಲು ಕಂಪನಿಯಾಗಿದ್ದು, ಕಂಪನಿ ಕಾನೂನಿನ ಅಡಿ ಆಸ್ತಿ ಮೌಲ್ಯ ಬೇಕಾದರೆ 2017ರ ನಿಯಮದಂತೆ ನೋಂದಾಯಿತ ವ್ಯಾಲ್ಯುಯರ್ ಬೇಕು, ಬರೀ ಚಾರ್ಟರ್ಡ್ ಸಾಲದು.

ಹಂತ 4: "ಕಟ್ಟಡ ಗಟ್ಟಿ ಇದೆ" ಅನ್ನುವ ಸರ್ಟಿಫಿಕೇಟ್

ಎಲ್ಲರೂ ಎಡವುವುದು ಇಲ್ಲಿ. ಇದಕ್ಕೆ ಬೇಕಾದ್ದು ಸ್ಟ್ರಕ್ಚರಲ್ ಇಂಜಿನಿಯರ್. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಸಿವಿಲ್ ಪದವಿಯ ಜೊತೆ ಕನಿಷ್ಠ 3 ವರ್ಷ ಸ್ಟ್ರಕ್ಚರಲ್ ಕೆಲಸದ ಅನುಭವ ಇರಬೇಕು. ಸಂಹಿತೆ ತಾನಾಗಿ ಕಾನೂನಲ್ಲ, ಸ್ಥಳೀಯ ಬೈಲಾ ಅದನ್ನು ಒಪ್ಪಿಕೊಂಡಾಗ ಕಡ್ಡಾಯವಾಗುತ್ತದೆ. ಹತ್ತು ವರ್ಷ ರಸ್ತೆ ಕಾಮಗಾರಿ ನೋಡಿಕೊಂಡು ಚಾರ್ಟರ್ಡ್ ಆದವರು ಒಳ್ಳೆಯ ಇಂಜಿನಿಯರೇ ಇರಬಹುದು. ಆದರೆ ಕಂಬದ ಲೆಕ್ಕಕ್ಕೆ ಆ ಅನುಭವ ಸಾಕಾಗುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಸೇಡಂ ರಸ್ತೆ ಕಡೆಯ 30x40 ಪ್ಲಾಟು. ನೆಲಮನೆ, ಮೇಲೊಂದು ಅಂತಸ್ತು, ಕಟ್ಟಿ 14 ವರ್ಷ. ಮಾಲೀಕರಿಗೆ ಇನ್ನೊಂದು ಅಂತಸ್ತು ಬೇಕು. "ಸರ, ನೀವು ಚಾರ್ಟರ್ಡ್ ಇದ್ದೀರಲ್ರೀ, ಒಂದ್ ಸಹಿ ಹಾಕ್ರಿ ಸಾಕು. ಗೌಂಡಿ ಹೇಳ್ಯಾನ, ಪಾಯ ಭಾಳ ಗಟ್ಟಿ ಅದ ಅಂತ" ಅಂದರು. ನನ್ನ ಕೈಕೆಳಗಿನ ಹುಡುಗ ಅಲ್ಲೇ ಕೂತು ಲೆಕ್ಕ ಮಾಡಿದ.

ನಡುವಿನ ಒಂದು ಕಂಬ ಒಂಬತ್ತು ಇಂಚು ಚೌಕ, ಅಂದರೆ 230 ಮಿ.ಮೀ. ಒಳಗೆ 12 ಮಿ.ಮೀ.ಯ ನಾಲ್ಕು ರಾಡು. ಎಂ20 ದರ್ಜೆಯ ಕಾಂಕ್ರೀಟು, 415 ದರ್ಜೆಯ ರಾಡು ಅಂದುಕೊಂಡ. ಕಾಂಕ್ರೀಟು ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಸರಳ ಸೂತ್ರ ಹಾಕಿದ:

```
Pu = 0.4 fck Ac + 0.67 fy Asc
```

ಇಲ್ಲಿ fck ಕಾಂಕ್ರೀಟಿನ ಬಲ, fy ರಾಡಿನ ಬಲ, Ac ಮತ್ತು Asc ಕಂಬದ ಅಡ್ಡಕೊಯ್ತದಲ್ಲಿ ಅವುಗಳ ವಿಸ್ತೀರ್ಣ. Pu, ಅಂದರೆ ಕಂಬ ಹೊರುವ ಭಾರ, ಸುಮಾರು 545 ಕಿಲೋನ್ಯೂಟನ್ ಅಂತ ಬಂತು. ಈಗ ಅದರ ಮೇಲೆ ಬರುವ ಭಾರ. ಈ ಕಂಬದ ಪಾಲಿಗೆ ಮೂರೂವರೆ ಮೀಟರ್ ಚೌಕದ ಜಾಗ. ಸ್ಲ್ಯಾಬು, ತೊಲೆ, ಫರ್ಶಿ, ಓಡಾಡುವ ಜನ ಸೇರಿ ಒಂದು ಸ್ಲ್ಯಾಬಿಗೆ 87 ಕಿಲೋನ್ಯೂಟನ್, ಒಂದು ಅಂತಸ್ತಿನ ಗೋಡೆಗೆ 50. ಹೊಸ ಅಂತಸ್ತು ಸೇರಿದರೆ ಮೂರು ಸ್ಲ್ಯಾಬು, ಎರಡು ಅಂತಸ್ತಿನ ಗೋಡೆ, ಒಟ್ಟು 361. ಸುರಕ್ಷತೆಗೆ ಒಂದೂವರೆ ಪಟ್ಟು ಮಾಡಿದರೆ 542. "ಪಾಸಾಯ್ತು ಸರ್" ಅಂದ.

ಪಾಸಾಗಿಲ್ಲ. ಮೊದಲನೆಯದು, ಕಂಬದ ಸ್ವಂತ ಭಾರವನ್ನೂ ಮಾಳಿಗೆ ಮೇಲಿನ ನೀರಿನ ಟ್ಯಾಂಕನ್ನೂ ಅವನು ಸೇರಿಸಿರಲಿಲ್ಲ. ಸಾವಿರ ಲೀಟರ್ ನೀರೇ 10 ಕಿಲೋನ್ಯೂಟನ್, ಉಳಿದಿದ್ದ ಅಂತರ ಬರೀ 3. ಎರಡನೆಯದು ಇನ್ನೂ ದೊಡ್ಡ ತಪ್ಪು. ಆ ಸರಳ ಸೂತ್ರವನ್ನು ಈ ಕಂಬಕ್ಕೆ ಬಳಸುವಂತೆಯೇ ಇಲ್ಲ. ಭಾರ ಎಂದೂ ಕಂಬದ ಸರಿ ನಡುವೆ ಕೂರುವುದಿಲ್ಲ, ಕನಿಷ್ಠ 20 ಮಿ.ಮೀ. ಆಚೀಚೆ ಇರುತ್ತದೆ ಅಂತ ಹಿಡಿಯಲೇಬೇಕು ಅನ್ನುತ್ತದೆ ಐಎಸ್ 456. ಸರಳ ಸೂತ್ರ ನಡೆಯುವುದು ಆ ಅಂತರ ಕಂಬದ ಅಗಲದ ನೂರಕ್ಕೆ ಐದರ ಒಳಗಿದ್ದರೆ ಮಾತ್ರ. 230ಕ್ಕೆ ನೂರಕ್ಕೆ ಐದು ಅಂದರೆ 11.5. ಹಾಗಾಗಿ ಬಾಗುವ ಬಲವನ್ನೂ ಸೇರಿಸಿಯೇ ಲೆಕ್ಕ ಮಾಡಬೇಕು, ಆಗ ಕಂಬ ಹೊರುವ ಶಕ್ತಿ 545ಕ್ಕಿಂತ ಕಡಿಮೆ ಬರುತ್ತದೆ. ನಮ್ಮ ಕಡೆ ಒಂಬತ್ತು ಇಂಚಿನ ಕಂಬ ಮನೆಮನೆಯಲ್ಲಿದೆ. ಈ ತಪ್ಪೂ ಅಷ್ಟೇ ಕಡೆ ಇದೆ.

ಅದೂ ಕಾಂಕ್ರೀಟು ನಿಜವಾಗಿ ಎಂ20 ಇದ್ದರೆ. ಅದನ್ನು ನೋಡದೆ ಸಹಿ ಇಲ್ಲ. ಹೊಡೆದು ಪುಟಿಯುವುದನ್ನು ನೋಡಿ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಹಿಡಿದು ಬಂದು ಪ್ಲಾಸ್ಟರ್ ಮೇಲೇ ಹೊಡೆದು ರೀಡಿಂಗ್ ಬರೆದುಕೊಂಡು ಹೋಗುವವರಿದ್ದಾರೆ. ಆ ಅಂಕಿ ಪ್ಲಾಸ್ಟರಿನದು. ಪ್ಲಾಸ್ಟರ್ ಕೆತ್ತಿ, ಕಾಂಕ್ರೀಟನ್ನು ಉಜ್ಜಿ ನುಣುಪು ಮಾಡಿ ಹೊಡೆಯಬೇಕು. ಅಗ್ಗದ ಹ್ಯಾಮರ್‌ಗಳನ್ನು ಟೆಸ್ಟ್ ಆನ್ವಿಲ್ ಮೇಲೆ ತಾಳೆ ನೋಡದೆ ತರುತ್ತಾರೆ, ಅಂಥವು ಬೇಡವೇ ಬೇಡ. ಇನ್ನು ಹಳೆಯ ಕಾಂಕ್ರೀಟಿನ ಮೇಲ್ಮೈ ಕಾಲ ಕಳೆದಂತೆ ಗಟ್ಟಿಯಾಗಿರುತ್ತದೆ, ಹ್ಯಾಮರ್ ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. ನಾನಂತೂ ಎರಡು ಮೂರು ಕಡೆ ಕೊರೆದು ಕಾಂಕ್ರೀಟಿನ ಕೋರ್ ತೆಗೆಸಿ ಲ್ಯಾಬಿಗೆ ಕಳಿಸದೆ ಮುಂದೆ ಹೋಗುವುದಿಲ್ಲ. ರಾಡಿನ ಲೆಕ್ಕಕ್ಕೂ ಅಷ್ಟೇ, ಹಳೆಯ ನಕ್ಷೆ ನಂಬಬೇಡಿ. ಒಂದು ಕಡೆ ರಾಡಿನ ಮೇಲಿನ ಕಾಂಕ್ರೀಟು ಕವರ್ ಬಿಚ್ಚಿ ಕಣ್ಣಾರೆ ನೋಡಿ.

ಕೊನೆಗೆ ಪಾಯ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕಂಬದ ಪಕ್ಕ ಗುಂಡಿ ತೋಡಿ ಫುಟಿಂಗ್ ಎಷ್ಟಗಲ, ಅದು ಮುರುಮಿನ ಮೇಲೆ ಕೂತಿದೆಯೋ ಎರೆಮಣ್ಣಿನ ಮೇಲೋ ನೋಡಬೇಕು. ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ ಬಿರುಕು ಇದ್ದರೆ ಮಣ್ಣು ಆಗಲೇ ಮಾತಾಡುತ್ತಿದೆ ಅಂತ ಅರ್ಥ. ಆ ಮನೆಯಲ್ಲಿ ಗುಂಡಿ ತೋಡಿದಾಗ ಸಿಕ್ಕಿದ್ದು ನಾಲ್ಕಡಿ ಚೌಕದ ಫುಟಿಂಗು. ಮುರುಮಿನ ಮೇಲೇ ಇತ್ತು, ಆದರೆ ಮಣ್ಣು ಹೊರುವಷ್ಟು ಭಾರ ಈಗಿರುವ ಎರಡು ಸ್ಲ್ಯಾಬಿಗೇ ಮುಗಿದಿತ್ತು.

ಹಂತ 5: ಸಹಿ ಹಾಕುವ ರೀತಿ

ವಾಟ್ಸಾಪ್‌ನಲ್ಲಿ ಓಡಾಡುವ ರೆಡಿಮೇಡ್ ಸ್ಟೆಬಿಲಿಟಿ ಸರ್ಟಿಫಿಕೇಟ್ ಬಳಸಬೇಡಿ. ಅದರಲ್ಲಿ "ಕಟ್ಟಡ ಎಲ್ಲ ರೀತಿಯಲ್ಲೂ ಸುರಕ್ಷಿತ" ಅಂತ ಇರುತ್ತದೆ. ನೀವು ನೋಡಿದ್ದನ್ನಷ್ಟೇ ಬರೆಯಿರಿ. ಯಾವ ದಿನ ಹೋದಿರಿ, ಯಾವ ಕಂಬ ಪರೀಕ್ಷಿಸಿದಿರಿ, ಎಷ್ಟು ಅಂತಸ್ತಿಗೆ, ಯಾವ ಬಳಕೆಗೆ. ವಾಸದ ಮನೆ ಅಂತ ಲೆಕ್ಕ ಮಾಡಿದ್ದನ್ನು ನಾಳೆ ಯಾರೋ ಕಾಳಿನ ಚೀಲದ ಗೋದಾಮು ಮಾಡಿದರೆ ನಿಮ್ಮ ಲೆಕ್ಕ ಅದಕ್ಕಲ್ಲ ಅನ್ನುವುದು ಕಾಗದದಲ್ಲೇ ಇರಬೇಕು. ಸಹಿ ನೀಲಿ ಶಾಯಿಯಲ್ಲಿ, ಪ್ರತಿ ಹಾಳೆಗೂ, ಪಕ್ಕದಲ್ಲಿ ದಿನಾಂಕ. ಸಹಿಯ ಸ್ಕ್ಯಾನ್ ಚಿತ್ರವನ್ನು ಯಾರಿಗೂ ಕೊಡಬೇಡಿ. ಸೀಲನ್ನು ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟು, ಒಂದು ನಕ್ಷೆಗೆ ಇಷ್ಟು ಅಂತ ದುಡ್ಡು ತಗೊಳ್ಳುವ ಪದ್ಧತಿ ನಮ್ಮಲ್ಲಿದೆ. ಇದನ್ನು ಮೊದಲು ನಿಲ್ಲಿಸಬೇಕು. ಆ ಸೀಲಿನಡಿ ಕಟ್ಟಿದ ಮನೆಯನ್ನು ಸೀಲಿನ ಒಡೆಯ ಕಂಡೇ ಇರುವುದಿಲ್ಲ.

ಹೊರದೇಶಕ್ಕೆ ಹೋಗುವವರಿಗೆ

ಅಮೆರಿಕದಲ್ಲಿ ಪ್ರೊಫೆಷನಲ್ ಇಂಜಿನಿಯರ್ ಅನ್ನುವುದು ರಾಜ್ಯ ಕೊಡುವ ನಿಜವಾದ ಲೈಸೆನ್ಸ್. ಪರೀಕ್ಷೆ ಇದೆ, ಲೈಸೆನ್ಸ್ ಕೊಟ್ಟ ರಾಜ್ಯದಲ್ಲಷ್ಟೇ ಸೀಲು ನಡೆಯುತ್ತದೆ. ಬ್ರಿಟನ್ನಿನ ಚಾರ್ಟರ್ಡ್ ಇಂಜಿನಿಯರ್ ಬಿರುದಿಗೆ ರಕ್ಷಣೆ ಇದೆ, ಆದರೆ ಬಹುಪಾಲು ಕೆಲಸಕ್ಕೆ ಅದು ಕಡ್ಡಾಯವಲ್ಲ. ನಮ್ಮ ಇಂಜಿನಿಯರುಗಳ ಸಂಸ್ಥೆ ಪ್ರೊಫೆಷನಲ್ ಇಂಜಿನಿಯರ್ ಅನ್ನುವ ಪ್ರಮಾಣಪತ್ರವನ್ನೂ ಕೊಡುತ್ತದೆ. ಹೆಸರು ಒಂದೇ ಆದರೂ ಅದು ಅಮೆರಿಕದ ಲೈಸೆನ್ಸ್ ಅಲ್ಲ. ಪ್ರೊಫೆಷನಲ್ ಇಂಜಿನಿಯರ್‌ಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಲು ಪದವಿಯ ನಂತರ ಕನಿಷ್ಠ 7 ವರ್ಷದ ಅನುಭವ, ಅದರಲ್ಲಿ 2 ವರ್ಷ ಹೊಣೆ ಹೊತ್ತು ಮಾಡಿದ ಕೆಲಸ ತೋರಿಸಬೇಕು.

ಸೇಡಂ ರಸ್ತೆಯ ಮಾಲೀಕರಿಗೆ ಲೆಕ್ಕದ ಹಾಳೆ ತೋರಿಸಿದೆ. ಒಳಗಿನ ಕಂಬಗಳಿಗೆ ಸುತ್ತಲೂ ರಾಡು ಕಟ್ಟಿ ಕಾಂಕ್ರೀಟು ಹಾಕಿ ದಪ್ಪ ಮಾಡಬೇಕು, ಫುಟಿಂಗ್ ಅಗಲಿಸಬೇಕು, ಆಮೇಲೆ ಸಹಿ ಅಂದೆ. ಖರ್ಚು ಕೇಳಿ ಒಂದು ವಾರ ಬರಲಿಲ್ಲ. ಎಂಟನೇ ದಿನ ಗೌಂಡಿಯನ್ನೂ ಕರೆದುಕೊಂಡು ಬಂದು, "ಯಾವ ಕಂಬದಿಂದ ಸುರು ಮಾಡೋಣ್ರೀ?" ಅಂತ ಕೇಳಿದರು.