ಬಿಚ್ಚುವ ಕೈಯನ್ನು ನಿಲ್ಲಿಸಿದ್ದು: ನಮ್ಮ ಬ್ಲೌಸ್ ಯೂನಿಟ್‌ನ ಅನುಭವ

ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಬ್ಲೌಸ್ ಯೂನಿಟ್ ಇದೆ. ಐದು ಮೆಷಿನ್, ಒಂದು ಓವರ್‌ಲಾಕ್. ಕಟಿಂಗ್ ನೋಡುವ ಅಕ್ಕ ಮತ್ತು ನಾನು ಸಮಪಾಲಿನ ಪಾರ್ಟ್‌ನರ್‌ಗಳು. ಅಕ್ಕನ ಕೈಯಂಥ ಕೈ ನಾನು ಬೇರೆಲ್ಲೂ ನೋಡಿಲ್ಲ. ಆದರೆ ಯಾರು ಹೊಲಿದ ಬ್ಲೌಸನ್ನೂ ಅವರು ಹಾಗೇ ಬಿಡುತ್ತಿರಲಿಲ್ಲ. ಸಂಜೆ ಹುಡುಗಿಯರು ಮನೆಗೆ ಹೋದ ಮೇಲೆ ರಿಪ್ಪರ್ ಹಿಡಿದು ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಲು ಕೂರುತ್ತಿದ್ದರು. ಬೆಳಗ್ಗೆ ಬಂದವರಿಗೆ ತಾವು ಹೊಲಿದದ್ದೇ ಬೇರೆ ರೂಪದಲ್ಲಿ ಸಿಗುತ್ತಿತ್ತು. ಏನು ತಪ್ಪಾಗಿತ್ತು ಅಂತ ಯಾರೂ ಹೇಳುತ್ತಿರಲಿಲ್ಲ.

ಒಬ್ಬರನ್ನು ಕಳಿಸಿ, ಇಲ್ಲಾಂದ್ರೆ ಸಹಿಸಿಕೊಳ್ಳಿ, ಮೂರನೇ ದಾರಿ ಇಲ್ಲ ಅಂತ ಈ ಕಸುಬಿನವರೇ ನನಗೆ ಹೇಳಿದ್ದರು. ಮೂರನೆಯದು ಸಿಕ್ಕಿದೆ, ಎರಡು ಸೀಸನ್ ದಾಟಿಯೂ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಷ್ಟದ ಲೆಕ್ಕ. ಆಗ ಲೈನಿಂಗ್ ಬ್ಲೌಸಿಗೆ ನಾವು ತೆಗೆದುಕೊಳ್ಳುತ್ತಿದ್ದದ್ದು ಆರುನೂರರ ಆಸುಪಾಸು, ಹೊಲಿದವರಿಗೆ ಕೊಡುತ್ತಿದ್ದದ್ದು ಇನ್ನೂರರ ಹತ್ತಿರ. ಒಂದು ಬ್ಲೌಸ್ ಬಿಚ್ಚಿ ಮತ್ತೆ ಹೊಲಿಯಲು ಅಕ್ಕನಿಗೆ ಒಂದು ಗಂಟೆಯಾದರೂ ಬೇಕು. ಹೆಚ್ಚುಕಡಿಮೆ ಅರ್ಧದಷ್ಟು ಬ್ಲೌಸ್‌ಗಳು ಹೀಗೆ ಎರಡು ಸಲ ಹೊಲಿಸಿಕೊಳ್ಳುತ್ತಿದ್ದವು. ಒಂದು ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹೇಳಿದ ದಿನ ಕೊಡಲಾಗದೆ ಬಿಟ್ಟುಕೊಟ್ಟ ಮಜೂರಿಯೇ ಇಪ್ಪತ್ತು ಸಾವಿರದಷ್ಟಾಯಿತು.

ಬಿಚ್ಚಿದರೆ ಬಟ್ಟೆಯೂ ಸುಮ್ನೆ ಇರುವುದಿಲ್ಲ. ಒಂದು ಕಂಚಿ ರೇಷ್ಮೆಯ ಬ್ಲೌಸು. ನಮ್ಮ ಹಿರಿಯ ಹುಡುಗಿ ಬೆನ್ನಿನ ಕುತ್ತಿಗೆಗೆ ಪೈಪಿಂಗ್ ಕೊಟ್ಟಿದ್ದಳು, ಚೆನ್ನಾಗಿಯೇ ಇತ್ತು. ಒಂದು ಕಡೆ ಪೈಪಿಂಗ್ ಕೂದಲೆಳೆಯಷ್ಟು ದಪ್ಪ ಅಂತ ಅಕ್ಕ ಬಿಚ್ಚಿದರು. ಮತ್ತೆ ಹೊಲಿದರು. ಸಮಾಧಾನವಾಗದೆ ಮತ್ತೆ ಬಿಚ್ಚಿದರು. ಹತ್ತಿಯಾದರೆ ಒಗೆದಾಗ ಸೂಜಿ ತೂತು ಮುಚ್ಚಿಕೊಳ್ಳುತ್ತದೆ. ಒತ್ತಾದ ರೇಷ್ಮೆ, ಟಿಶ್ಯೂ ಬಟ್ಟೆಯಲ್ಲಿ ಅದು ಹಾಗೇ ಉಳಿಯುತ್ತದೆ, ಅಂಚಿನ ಎಳೆಯೂ ಬಿಡತೊಡಗುತ್ತದೆ. ಕುತ್ತಿಗೆಯ ಸುತ್ತ ಚುಕ್ಕಿ ಸಾಲು ಎದ್ದು ಕಂಡಿತು. ಕೊನೆಗೆ ಮೇಲೆ ಲೇಸ್ ಹಾಕಿ, ಗಿರಾಕಿಯನ್ನು ಒಪ್ಪಿಸಿ, ಮಜೂರಿ ಬಿಟ್ಟು ಕಳಿಸಿದೆವು.

ಇದಕ್ಕಿಂತ ದೊಡ್ಡ ನಷ್ಟ ಆ ಹಿರಿಯ ಹುಡುಗಿಯದು. ಆಮೇಲೆ ಅವಳು ರೇಷ್ಮೆಯನ್ನೇ ಮುಟ್ಟಲಿಲ್ಲ. "ಅಕ್ಕನೇ ಹೊಲೀಲಿ ಬಿಡಿ" ಅನ್ನುತ್ತಿದ್ದಳು. ತೋಳು ಕೂರಿಸುವ ಮುಂಚೆ ಪಿನ್ ಹಾಕಿಕೊಂಡು ಬಂದು ತೋರಿಸಿ ಹೋಗುವುದು ಶುರುವಾಯಿತು, ಅದೂ ಎಂಟು ವರ್ಷ ತೋಳು ಕೂರಿಸಿದವಳು! ಉಳಿದವರು ಹುಕ್ಕಿನ ಪಟ್ಟಿಯನ್ನು ಸಡಿಲವಾಗಿ ಹೊಲಿದು ಬಿಡತೊಡಗಿದರು. ಹೇಗೂ ಬಿಚ್ಚುತ್ತಾರಲ್ವಾ! ನಿಮ್ಮಲ್ಲಿ ಕೆಲಸ ಒಮ್ಮೆಲೇ ಹಾಳಾಗುತ್ತಿದ್ದರೆ ಹುಡುಗಿಯರ ಸೋಮಾರಿತನ ಅಂದುಕೊಳ್ಳಬೇಡಿ. ಅವರು ಹೊಲಿದದ್ದನ್ನು ಯಾರು ಮುಟ್ಟುತ್ತಿದ್ದಾರೆ ಅಂತ ಮೊದಲು ನೋಡಿ.

ಅಕ್ಕನನ್ನು ಚೆಕಿಂಗಿಗೆ ಮಾತ್ರ ಕೂರಿಸಿ ನೋಡಿದೆವು. ಇನ್ನೂ ಕೆಟ್ಟಿತು, ಏಕೆಂದರೆ ಈಗ ಬಿಚ್ಚುವುದೇ ಅವರ ಕೆಲಸವಾಯಿತು. ಮದುವೆ ಬ್ಲೌಸ್‌ಗಳನ್ನೆಲ್ಲ ಅವರಿಗೇ ಕೊಟ್ಟು ನೋಡಿದೆವು. ಆ ರಾಶಿ ಕರಗಲಿಲ್ಲ, ರಾತ್ರಿ ಬಿಚ್ಚುವುದೂ ನಿಲ್ಲಲಿಲ್ಲ. ಕೂರಿಸಿ ಮಾತಾಡಿದ್ದಕ್ಕೆ ಒಂದು ವಾರ ಫಲ ಸಿಕ್ಕಿತು, ಅಷ್ಟೇ.

ಆಷಾಢದಲ್ಲಿ ಕೆಲಸ ಕಡಿಮೆ. ಆಗ ಹೊಸ ಕ್ರಮ ಶುರು ಮಾಡಿದೆ. ಯೂನಿಟ್‌ನಲ್ಲಿ ರಿಪ್ಪರ್ ಇರುವುದು ಹೊಲಿಯುವವರ ಡಬ್ಬಿಯಲ್ಲಿ ಮಾತ್ರ, ಕಟಿಂಗ್ ಟೇಬಲ್ ಮೇಲೆ ಇಲ್ಲ. ಅಕ್ಕ ತಪ್ಪು ಕಂಡರೆ ಬಿಚ್ಚುವ ಹಾಗಿಲ್ಲ, ದಾರ ಕಟ್ಟಬೇಕು. ಗಿರಾಕಿಯ ಮೈಗೆ ತಾಗುವ ತಪ್ಪಿಗೆ ಕೆಂಪು ದಾರ: ಕಂಕುಳಲ್ಲಿ ಸುಕ್ಕು, ಎಡ ಬಲ ಟಕ್ಸ್ ಮೇಲೆ ಕೆಳಗೆ, ಹುಕ್ಕು ಹಾಕಿದಾಗ ಬಾಯಿ ಬಿಡುವ ಪಟ್ಟಿ, ಅಳತೆ ಬ್ಲೌಸಿಗಿಂತ ಕಾಲಿಂಚು ಹೆಚ್ಚುಕಡಿಮೆಯಾದ ಕುತ್ತಿಗೆ ಆಳ. ಅಕ್ಕನ ಕಣ್ಣಿಗೆ ಮಾತ್ರ ಕಾಣುವುದಕ್ಕೆ ಬಿಳಿ ದಾರ: ಹೆಮ್ಮಿಂಗ್ ಅಂತರ, ಪೈಪಿಂಗ್ ದಪ್ಪ, ಒಳಗಿನ ಮಾರ್ಜಿನ್ ನೇರ.

ಕೆಂಪು ದಾರದ ಬ್ಲೌಸ್ ಹೊಲಿದವಳ ಮೆಷಿನ್‌ಗೇ ಹೋಗಬೇಕು, ಜೊತೆಗೆ ಕಾರಣದ ಒಂದು ಸಾಲು ಚೀಟಿಯಲ್ಲಿ. ಅವಳೇ ಬಿಚ್ಚಿ ಅವಳೇ ಸರಿ ಮಾಡುತ್ತಾಳೆ. ಬಿಳಿ ದಾರದ್ದು ಪುಸ್ತಕದಲ್ಲಿ ಬರೆದು ಹಾಗೇ ಡೆಲಿವರಿ. ಇದಕ್ಕೆ ಅಕ್ಕನನ್ನು ಹೇಗೆ ಒಪ್ಪಿಸಿದೆ ಅನ್ನುವುದು ನಮ್ಮಿಬ್ಬರ ನಡುವೆಯೇ ಇರಲಿ.

ಮೊದಲ ವಾರಗಳಲ್ಲಿ ಬ್ಲೌಸ್‌ಗಳ ತುಂಬಾ ಕೆಂಪು ದಾರ. ಹೆಮ್ಮಿಂಗ್‌ಗೂ ಕೆಂಪು! ಆಗ ಟ್ರಯಲ್‌ನಲ್ಲಿ ಗಿರಾಕಿಗಳು ಹೇಳಿದ್ದನ್ನು ಅದೇ ಪುಸ್ತಕದ ಎದುರು ಪುಟದಲ್ಲಿ ಬರೆಯತೊಡಗಿದೆ. ತೋಳಿನ ಸುತ್ತಳತೆ ಬಿಗಿ, ಕಂಕುಳು ಹಿಡಿಯುತ್ತದೆ, ಭುಜ ಜಾರುತ್ತದೆ. ದೂರು ಬಂದದ್ದೆಲ್ಲ ಇಂಥದ್ದೇ. ಹೆಮ್ಮಿಂಗ್ ಅಂತರದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಆದರೆ ಕಂಕುಳಿನ ವಿಷಯದಲ್ಲಿ ಅಕ್ಕ ದಾರ ಕಟ್ಟಿದ್ದೆಲ್ಲ ಸರಿಯಾಗಿತ್ತು, ಅದನ್ನು ಹುಡುಗಿಯರ ಎದುರೇ ಓದಿ ಹೇಳಿದೆ. ಎರಡು ಪುಟ ಅಕ್ಕಪಕ್ಕ ಇದ್ದದ್ದರಿಂದ ಜಗಳಕ್ಕೆ ಜಾಗ ಉಳಿಯಲಿಲ್ಲ. ಕಂಕುಳಿನ ಸುಕ್ಕನ್ನು ಕಟಿಂಗ್‌ನಲ್ಲೇ ಹೋಗಲಾಡಿಸಲು ಆಮೇಲೆ ನಾವೊಂದು ಬದಲಾವಣೆ ಮಾಡಿಕೊಂಡೆವು. ಅದು ನಮ್ಮ ಅನ್ನದ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹೆಸರಿನ ಟೋಕನ್ ಕಿತ್ತು, ನಂಬರ್ ಹಾಕಿ, ಎಲ್ಲರ ಬ್ಲೌಸ್‌ಗಳನ್ನೂ ಬೆರೆಸಿ ಅಕ್ಕನ ಮುಂದಿಟ್ಟೆ. ಅವರೇ ಹೊಲಿದ ಎರಡು ಅದರೊಳಗಿದ್ದವು. ಒಂದಕ್ಕೆ ಅವರೇ ಬಿಳಿ ದಾರ ಕಟ್ಟಿದರು. ನಾನು ಆ ಮಾತನ್ನು ಎಲ್ಲರ ಮುಂದೆ ಎತ್ತಲಿಲ್ಲ, ಸಂಜೆ ಅವರೊಬ್ಬರಿಗೇ ನಂಬರ್ ತೋರಿಸಿದೆ. ಅಕ್ಕ ಬ್ಲೌಸ್ ತಿರುಗಿಸಿ ನೋಡಿ, ದಾರ ಬಿಚ್ಚಿ, "ಸರಿ, ಇದು ಹೋಗಲಿ" ಅಂದರು. ಆಮೇಲಿಂದ ಕೆಂಪು ದಾರ ಕಡಿಮೆಯಾಯಿತು. ಇದನ್ನು ನೀವು ಮಾಡುವುದಾದರೆ ಟೀಮಿನ ಎದುರು ಮಾತ್ರ ಮಾಡಬೇಡಿ. ಅಕ್ಕನ ಕೈ ಮೇಲೆ ಹುಡುಗಿಯರಿಗಿರುವ ಗೌರವವೇ ನಮ್ಮ ಬಂಡವಾಳ.

ಈಗ ಹತ್ತರಲ್ಲಿ ಒಂದೋ ಎರಡೋ ವಾಪಸ್ ಮೆಷಿನ್‌ಗೆ ಹೋಗುತ್ತವೆ. ಅಕ್ಕನ ಸಂಜೆಗಳು ಖಾಲಿಯಾದವು, ಆ ಹೊತ್ತಿನಲ್ಲಿ ಮರುದಿನದ ಕಟಿಂಗ್ ಮುಗಿಯುತ್ತದೆ. ಅದರಿಂದಲೇ ದಿನಕ್ಕೆ ಮೂರ್ನಾಲ್ಕು ಬ್ಲೌಸ್ ಜಾಸ್ತಿ ಹೊರಬೀಳುತ್ತಿವೆ. ಹಿರಿಯ ಹುಡುಗಿ ಮತ್ತೆ ರೇಷ್ಮೆ ಹಿಡಿಯಲು ಆರು ತಿಂಗಳ ಮೇಲೇ ಹಿಡಿಯಿತು. ಮೊದಲು ಅವಳಿಗೆ ಕೊಟ್ಟದ್ದು ನನ್ನದೇ ಸೀರೆಯ ಬ್ಲೌಸ್ ಪೀಸು. ಅಕ್ಕ ಅದಕ್ಕೆ ಒಂದು ಬಿಳಿ ದಾರ ಕಟ್ಟಿದರು, ಅವಳು ಅದನ್ನು ನೋಡಿ, "ಅಕ್ಕಾ, ಇದು ಹೀಗೇ ಇರಲಿ" ಅಂದಳು. ಹಾಗೇ ತೊಟ್ಟಿದ್ದೇನೆ.

ಒಂದು ಕಡೆ ಇದು ಇನ್ನೂ ಸಡಿಲ. ಹಬ್ಬದ ಹಿಂದಿನ ಮೂರು ದಿನ ಚೀಟಿ ಬರೆಯಲು ಯಾರಿಗೂ ಪುರುಸೊತ್ತಿಲ್ಲ, ಅಕ್ಕನ ಕೈ ತಾನಾಗಿ ಬಿಚ್ಚಲು ಹೋಗುತ್ತದೆ. ಆ ಮೂರು ದಿನ ಅವರನ್ನು ಟ್ರಯಲ್ ರೂಮಿಗೆ ಹಾಕುತ್ತೇನೆ. ಅಲ್ಲಿ ಗಿರಾಕಿ ಹಾಕಿಕೊಂಡು ನಿಂತಿರುತ್ತಾರೆ, ಬೇಕಾದದ್ದನ್ನು ಬಾಯಿಬಿಟ್ಟು ಹೇಳುತ್ತಾರೆ, ಅಕ್ಕ ಅಷ್ಟನ್ನು ಮಾತ್ರ ಪಿನ್ ಮಾಡಿ ಒಳಗೆ ಕಳಿಸುತ್ತಾರೆ.