ರಾಖಿ ಉಡುಗೊರೆ: ಕೊನೆಯ ದಿನವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ

2026ರಲ್ಲಿ ನೂಲು ಹುಣ್ಣಿಮೆ ಆಗಸ್ಟ್ 28, ಶುಕ್ರವಾರ. ತೀರ್ಥಹಳ್ಳಿಯ ಅಕ್ಕ, ಪುಣೆಯಲ್ಲಿರುವ ತಮ್ಮನಿಗೆ ರಾಖಿಯ ಜೊತೆ ಹೆಸರು ಅಚ್ಚಾದ ಕಪ್ ಕಳಿಸಬೇಕೆಂದಿದ್ದಾಳೆ ಎಂದುಕೊಳ್ಳೋಣ. ಮೊಬೈಲ್ ತೆರೆದರೆ ‘ರಾಖಿ ರಿಯಾಯಿತಿ 27ರವರೆಗೆ’ ಎಂಬ ಜಾಹೀರಾತು. ಹೆಚ್ಚಿನವರು ಎಡವುವುದು ಇಲ್ಲೇ. 27 ಎನ್ನುವುದು ದರ ಇಳಿಸಿ ಮಾರುವ ಕೊನೆಯ ದಿನ; ಹಬ್ಬಕ್ಕೆ ಮುಟ್ಟಿಸುತ್ತೇವೆಂದು ಅಂಗಡಿಯವರು ಎಲ್ಲೂ ಹೇಳಿಲ್ಲ.

ಮೊದಲು ಪಿನ್‌ಕೋಡ್ ಬದಲಿಸಿ. ಆ್ಯಪ್ ನಿಮ್ಮ ಮನೆಯ 577432 ಅನ್ನೇ ನೆನಪಿಟ್ಟುಕೊಂಡು, ತೀರ್ಥಹಳ್ಳಿಗೆ ತಲುಪುವ ದಿನವನ್ನು ತೋರಿಸುತ್ತಿರುತ್ತದೆ. ತಮ್ಮನ ಪಿನ್‌ಕೋಡ್ ಹಾಕಿದ ಮೇಲೆ ಕಾಣುವ ದಿನವೇ ಲೆಕ್ಕಕ್ಕೆ.

ಈಗ ಹಿಂದಕ್ಕೆ ಎಣಿಸಿ. ಕಪ್‌ನ ಪುಟದಲ್ಲಿ ‘ಅಚ್ಚಿಗೆ 2 ದಿನ, ರವಾನೆಯ ನಂತರ 4ರಿಂದ 6 ಕೆಲಸದ ದಿನ’ ಎಂದಿದೆ. ಆರನ್ನೇ ಹಿಡಿಯಿರಿ, ನಾಲ್ಕನ್ನು ನಂಬಬೇಡಿ. ಪೊಟ್ಟಣ 27, ಗುರುವಾರ ತಲುಪಬೇಕು. 23 ಭಾನುವಾರ, 26 ಈದ್ ಮಿಲಾದ್ ರಜೆ, ಎರಡನ್ನೂ ಬಿಡಿ. ಆಗ ಆರು ದಿನಗಳೆಂದರೆ 27, 25, 24, 22, 21, 20. ಅಂದರೆ 19ರಂದು ಪೊಟ್ಟಣ ಅಂಗಡಿಯಿಂದ ಹೊರಡಬೇಕು. ಅಚ್ಚಿಗೆ 18 ಮತ್ತು 19 ಹೋಯಿತು.

ಹಾಗಾಗಿ ಹೆಸರು ಅಚ್ಚು ಹಾಕಿಸುವ ಉಡುಗೊರೆಗೆ ಕೊನೆಯ ದಿನ ಆಗಸ್ಟ್ 17, ಸೋಮವಾರ. ಅದೇ ಅಂಗಡಿಯ ಸಿದ್ಧ ಉಡುಗೊರೆಯಾದರೆ ಆಗಸ್ಟ್ 19, ಬುಧವಾರ; ಅದೂ ಅಂದೇ ರವಾನಿಸುತ್ತೇವೆಂದು ಬರೆದಿದ್ದರೆ ಮಾತ್ರ. ಮಧ್ಯಾಹ್ನದ ನಂತರದ ಆರ್ಡರ್ ಸಾಮಾನ್ಯವಾಗಿ ಮರುದಿನದ ಲೆಕ್ಕಕ್ಕೆ ಹೋಗುವುದರಿಂದ ಬೆಳಿಗ್ಗೆಯೇ ಮುಗಿಸಿ. ನಿಮ್ಮ ಅಂಗಡಿಯ ಪುಟದಲ್ಲಿ ಬೇರೆ ಅಂಕಿ ಇದ್ದರೆ ಅದನ್ನಿಟ್ಟು ಇದೇ ರೀತಿ ಎಣಿಸಿ.

ಆಗಸ್ಟ್‌ನ ಮಳೆಯಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಗುತ್ತದೆ. ಅಟ್ಟದ ಕಿಟಕಿಯ ಬಳಿ ನಿಂತು ಹಣ ಕಟ್ಟುವಾಗ ಚಕ್ರ ಸುತ್ತುತ್ತಲೇ ಉಳಿಯಿತೆಂದು ತಕ್ಷಣ ಮತ್ತೊಮ್ಮೆ ಕಟ್ಟಬೇಡಿ. ಆರ್ಡರ್‌ಗಳ ಪಟ್ಟಿಯಲ್ಲಿ ನಿಮ್ಮದು ಬಂದಿದೆಯೇ ನೋಡಿ. ಬರದಿದ್ದರೆ, ಕಡಿತವಾದ ಹಣ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಖಾತೆಗೆ ಮರಳುತ್ತದೆ. ಆದರೆ ಅಷ್ಟರಲ್ಲಿ 17 ದಾಟಿರುತ್ತದೆ. ಇದಕ್ಕೇ 15ರ ರಜೆಯಲ್ಲಿ ಕೂತು ಮುಗಿಸುವುದು ವಾಸಿ.

ವಿಳಾಸದ ಜೊತೆ ತಮ್ಮನ ಮೊಬೈಲ್ ಸಂಖ್ಯೆಯನ್ನೇ ಕೊಡಿ. ನಿಮ್ಮದು ಕೊಟ್ಟರೆ ಡೆಲಿವರಿಯವನು ಪುಣೆಯ ಗೇಟಿನಲ್ಲಿ ನಿಂತು ತೀರ್ಥಹಳ್ಳಿಗೆ ಫೋನ್ ಮಾಡುತ್ತಾನೆ, ಒಟಿಪಿಯೂ ನಿಮಗೇ ಬರುತ್ತದೆ. ರಾಖಿ ಮತ್ತು ಕಪ್ ಬೇರೆ ಬೇರೆ ಮಾರಾಟಗಾರರದ್ದಾದರೆ ಎರಡು ಪೊಟ್ಟಣ ಬರುತ್ತವೆ; ಎರಡರ ದಿನಾಂಕವನ್ನೂ ನೋಡಿಕೊಳ್ಳಿ. ಹಣವನ್ನು ಮೊದಲೇ ಕಟ್ಟಿರಿ, ಇಲ್ಲದಿದ್ದರೆ ತನ್ನ ಉಡುಗೊರೆಗೆ ತಮ್ಮನೇ ದುಡ್ಡು ಕೊಡಬೇಕಾಗುತ್ತದೆ.

19 ದಾಟಿಹೋಗಿದ್ದರೆ ಕೊರಿಯರ್ ಆಸೆ ಬಿಡಿ. ಪುಣೆಯಲ್ಲೇ ಇರುವ, ಅಂದೇ ಮನೆಗೆ ಮುಟ್ಟಿಸುವ ಸಿಹಿ ಅಂಗಡಿಯೊಂದನ್ನು ಹುಡುಕಿ 27ರ ರಾತ್ರಿಯೊಳಗೆ ಹೇಳಿಡಿ. ಹೆಸರಿನ ಕಪ್ ಸಿಗುವುದಿಲ್ಲ, ಪೇಡೆ ಸಿಗುತ್ತದೆ.